ಕಣ್ಣು ಬಿಡದ ಕೂಸಿಗೆ ಯಾವ ಪಾಪ? ಜನ್ಮಪಾಪ, ಕೃಪೆ, ಕ್ರಿಯೆ: ಪದೇ ಪದೇ ಕೇಳುವ ಪ್ರಶ್ನೆಗಳು

ನಾನು ಪಾದ್ರಿಯಲ್ಲ. ರಾಯಚೂರಿನಲ್ಲಿ ಸಂಡೇ ಸ್ಕೂಲಿನ ದೊಡ್ಡ ಮಕ್ಕಳಿಗೆ ಪಾಠ ಹೇಳುವವನು. ನಮ್ಮದು ಪ್ರಾಟೆಸ್ಟೆಂಟರಲ್ಲಿ ಮೆಥೋಡಿಸ್ಟ್ ಪಂಗಡದ ಮನೆ. ನನ್ನ ತಮ್ಮ ಮದುವೆಯಾದದ್ದು ಮುದಗಲ್ಲಿನ ಕ್ಯಾಥೋಲಿಕ್ ಹುಡುಗಿಯನ್ನು. ಆದಿಲ್‌ಶಾಹಿ ಕಾಲದಿಂದ ಅಲ್ಲಿ ನೆಲೆಸಿರುವ ಕ್ರೈಸ್ತ ಮನೆತನಗಳ ಪೈಕಿ ಅವರದೂ ಒಂದು. ಅವರಿಗೆ ಗಂಡುಕೂಸು ಹುಟ್ಟಿ ಹದಿನೈದು ದಿನವೂ ಆಗಿರಲಿಲ್ಲ, ತಲೆಗೆ ನೀರು ಹೊಯ್ದು ಚರ್ಚಿಗೆ ಸೇರಿಸಿಕೊಳ್ಳುವ ದೀಕ್ಷಾಸ್ನಾನ ಯಾವಾಗ, ಯಾವ ಚರ್ಚಿನಲ್ಲಿ ಎಂಬ ಮಾತು ಶುರುವಾಯಿತು. ಬಾಣಂತಿಯನ್ನು ನೋಡಲು ಬಂದಿದ್ದ ಪಕ್ಕದ ಮನೆಯ ಲಿಂಗಾಯತರ ಅಜ್ಜಿ ಎಲ್ಲವನ್ನೂ ಕೇಳಿಸಿಕೊಂಡು, "ಅಲ್ರೆವ್ವಾ, ಇನ್ನ ಕಣ್ಣ ಬಿಟ್ಟಿಲ್ಲ ಕೂಸು, ಅದೇನ್ ಪಾಪ ಮಾಡ್ಯದಂತ ತೊಳಿತೀರಿ?" ಅಂದಳು. ಮನೆಯಲ್ಲಿದ್ದ ನಾಲ್ಕು ಮಂದಿ ಕ್ರೈಸ್ತರು ನಾಲ್ಕು ಉತ್ತರ ಕೊಟ್ಟೆವು. ಒಂದೂ ಅಜ್ಜಿಗೆ ಒಪ್ಪಿಗೆಯಾಗಲಿಲ್ಲ. ಆಮೇಲೆ ತರಗತಿಯಲ್ಲಿ, ಮದುವೆ ಮನೆಗಳಲ್ಲಿ, ಬಸ್ಸಿನಲ್ಲಿ ಇದೇ ಪ್ರಶ್ನೆ ಬೇರೆ ಬೇರೆ ವೇಷದಲ್ಲಿ ನನಗೆ ಎದುರಾಗಿದೆ. ಅವುಗಳಿಗೆ ಕೊಟ್ಟ ಉತ್ತರಗಳನ್ನು ಇಲ್ಲಿ ಬರೆದಿಟ್ಟಿದ್ದೇನೆ.

ಜನ್ಮಪಾಪ ಅಂದರೆ ಹುಟ್ಟಿದ ಕೂಸು ಪಾಪ ಮಾಡಿದೆ ಎಂದೇ ಅರ್ಥವಾ?

ಅಲ್ಲ. ಅಜ್ಜಿಯ ಪ್ರಶ್ನೆ ಎಡವುವುದು "ಮಾಡಿದೆ" ಎಂಬ ಕ್ರಿಯಾಪದದಲ್ಲಿ. 1992ರಲ್ಲಿ ಹೊರಬಂದ ಕ್ಯಾಥೋಲಿಕ್ ಧರ್ಮೋಪದೇಶ ಗ್ರಂಥ ಇದನ್ನು ನೇರವಾಗಿಯೇ ಹೇಳುತ್ತದೆ: ಜನ್ಮಪಾಪ ಅಂಟಿಕೊಂಡು ಬಂದದ್ದು, ಮಾಡಿದ್ದಲ್ಲ. ಅದು ಒಂದು ಸ್ಥಿತಿ, ಕೃತ್ಯವಲ್ಲ. "ಪಾಪ" ಎಂಬ ಶಬ್ದವನ್ನು ಇಲ್ಲಿ ಹೋಲಿಕೆಯ ಅರ್ಥದಲ್ಲಷ್ಟೇ ಬಳಸಲಾಗಿದೆ ಎಂದೂ ಅಲ್ಲೇ ಹೇಳಿದೆ. ಕನ್ನಡದಲ್ಲಿ ಕ್ಯಾಥೋಲಿಕರು ಜನ್ಮಪಾಪ ಎಂದರೆ ನಮ್ಮ ಕಡೆ ಮೂಲಪಾಪ ಎನ್ನುವುದು ಹೆಚ್ಚು. ಎರಡೂ ಒಂದೇ.

ತರಗತಿಯಲ್ಲಿ ನಾನು ಕಾಲುವೆಯ ಮಾತು ಹೇಳುತ್ತೇನೆ. 2024ರ ಆಗಸ್ಟ್ 10ರ ರಾತ್ರಿ ತುಂಗಭದ್ರಾ ಜಲಾಶಯದ 19ನೇ ಗೇಟಿನ ಸರಪಳಿ ಕಡಿದು ಗೇಟು ಕೊಚ್ಚಿಕೊಂಡು ಹೋಯಿತಲ್ಲ. ಆಗ ಸಿಂಧನೂರು, ಮಾನ್ವಿ ಕಡೆ ಎಡದಂಡೆ ಕಾಲುವೆಯ ಕೊನೆ ಭಾಗದ ರೈತರಿಗೆ ನಿದ್ದೆ ಬರಲಿಲ್ಲ. ಸರಪಳಿ ಕಡಿದವರು ಅವರಲ್ಲ, ಗೇಟಿನ ಹತ್ತಿರ ಹೋದವರೂ ಅಲ್ಲ. ಆದರೂ ಮೇಲೆ ನೀರು ಹೋದರೆ ಒಣಗುವುದು ಅವರ ಗದ್ದೆ. ಆ ವರ್ಷ ಹುಟ್ಟಿದ ಕೂಸಿನ ಪಾಲಿನ ಹೊಲವೂ ಒಣ ಹೊಲವೇ. ಕ್ಯಾಥೋಲಿಕ್ ಬೋಧನೆಯಲ್ಲಿ ಜನ್ಮಪಾಪ ಬಹುಮಟ್ಟಿಗೆ ಹೀಗೆ. ಮೊದಲ ಮನುಷ್ಯ ಆದಾಮನಿಗೆ ದೇವರು ಕೊಟ್ಟಿದ್ದ ಪವಿತ್ರ ಸ್ಥಿತಿ ಅವನ ಸಂತತಿಗೆ ಹರಿದು ಬರಬೇಕಿತ್ತು, ಅವನು ದೇವರ ಮಾತು ಮೀರಿದ್ದರಿಂದ ಬರಲಿಲ್ಲ. ಕೂಸು ಕೆಟ್ಟದ್ದನ್ನೇನೋ ಹೊತ್ತು ತಂದಿದೆ ಅನ್ನುವುದಕ್ಕಿಂತ, ಇರಬೇಕಾದ ಒಂದು ಅದರಲ್ಲಿ ಇಲ್ಲ ಅನ್ನುವುದು ಹೆಚ್ಚು ಸರಿ.

ಈ ಹೋಲಿಕೆಗೂ ಒಂದು ಮಿತಿಯಿದೆ. ಒಣ ಹೊಲವನ್ನು ಯಾರೂ ಅಪರಾಧಿ ಅನ್ನುವುದಿಲ್ಲ. ಆದರೆ ಪ್ರಾಚೀನ ಚರ್ಚಿನ ಬಿಷಪ್ ಸಂತ ಅಗಸ್ಟೀನರೂ, ಅವರ ದಾರಿ ಹಿಡಿದ ಹದಿನಾರನೇ ಶತಮಾನದ ಪ್ರಾಟೆಸ್ಟೆಂಟ್ ಸುಧಾರಕರಾದ ಲೂಥರ್ ಮತ್ತು ಕ್ಯಾಲ್ವಿನ್ ಪರಂಪರೆಯವರೂ ಇಷ್ಟಕ್ಕೆ ನಿಲ್ಲಲಿಲ್ಲ. ಕೂಸು ಆದಾಮನ ದೋಷಕ್ಕೂ ಪಾಲುದಾರ, ಬರೀ ನಷ್ಟಕ್ಕಲ್ಲ ಎಂದರು. ಅಜ್ಜಿಗೆ ನಿಜವಾಗಿ ಸಿಟ್ಟು ಬರಬೇಕಾದದ್ದು ಈ ಮಾತಿಗೆ.

ಇದು ಬೈಬಲ್ಲಿನಲ್ಲಿ ಎಲ್ಲಿದೆ?

"ಮೂಲಪಾಪ" ಎಂಬ ಪದ ಬೈಬಲ್ಲಿನಲ್ಲಿ ಎಲ್ಲೂ ಇಲ್ಲ. ಆದಿಕಾಂಡ 3ರಲ್ಲಿ ಆದಾಮ ಹವ್ವರು ಹಣ್ಣು ತಿಂದ ಕಥೆ ಇದೆ. ಅದರಲ್ಲೂ ಮಕ್ಕಳಿಗೆ ದೋಷ ದಾಟಿತೆಂಬ ಮಾತಿಲ್ಲ, ನೋವು, ಬೆವರು, ಮಣ್ಣಿಗೆ ಮರಳುವುದು ಇಷ್ಟೇ ಇದೆ. ತದ್ವಿರುದ್ಧವಾಗಿ ಯೆಹೆಜ್ಕೇಲ 18 ತಂದೆಯ ದೋಷದ ಫಲವನ್ನು ಮಗ ಅನುಭವಿಸುವುದಿಲ್ಲ ಎಂದು ಖಡಾಖಂಡಿತವಾಗಿ ಹೇಳುತ್ತದೆ. ಯಾರಾದರೂ ಈ ಅಧ್ಯಾಯವನ್ನು ನಿಮ್ಮ ಮುಂದೆ ಹಿಡಿದರೆ ಪುಟ ತಿರುವಿ ಜಾರಿಕೊಳ್ಳಬೇಡಿ. ಅದು ಇದೆ.

ಆಧಾರವಾಗಿ ನಿಲ್ಲುವ ವಾಕ್ಯ ಆರಂಭದ ಚರ್ಚಿನ ಬೋಧಕ ಪೌಲನದು, ರೋಮಾಪುರದವರಿಗೆ ಬರೆದ ಪತ್ರಿಕೆ 5:12. ಒಬ್ಬ ಮನುಷ್ಯನ ಮೂಲಕ ಪಾಪ ಲೋಕಕ್ಕೆ ಬಂತು, ಪಾಪದ ಮೂಲಕ ಮರಣ ಬಂತು, ಹಾಗೆ ಮರಣ ಎಲ್ಲರಿಗೂ ಹಬ್ಬಿತು. ಇಲ್ಲಿಯವರೆಗೆ ಜಗಳವಿಲ್ಲ. ಜಗಳ ಇರುವುದು ವಾಕ್ಯದ ಬಾಲದಲ್ಲಿ. ಗ್ರೀಕ್ ಮೂಲದಲ್ಲಿ "ಎಫ್ ಹೋ" ಎಂಬ ಎರಡು ಪುಟ್ಟ ಪದಗಳಿವೆ. ಇಂದಿನ ಹೆಚ್ಚಿನ ಪಂಡಿತರು ಅದನ್ನು "ಏಕೆಂದರೆ ಎಲ್ಲರೂ ಪಾಪ ಮಾಡಿದರು" ಎಂದು ಓದುತ್ತಾರೆ. ನಮ್ಮ ಕನ್ನಡ ಬೈಬಲ್ಲೂ "ಎಲ್ಲರೂ ಪಾಪ ಮಾಡಿದ್ದರಿಂದ" ಎಂಬ ಅರ್ಥವನ್ನೇ ಹಿಡಿದಿದೆ. ಆದರೆ ಅಗಸ್ಟೀನರು ಓದುತ್ತಿದ್ದದ್ದು ಲ್ಯಾಟಿನ್. ಅಲ್ಲಿ ಅದು "ಇನ್ ಕ್ವೋ" ಎಂದಾಗಿತ್ತು. ಅದನ್ನು ಅವರು "ಆತನಲ್ಲಿ ಎಲ್ಲರೂ ಪಾಪ ಮಾಡಿದರು" ಎಂದು ಅರ್ಥ ಮಾಡಿಕೊಂಡರು. ಅಂದರೆ ಆದಾಮ ಹಣ್ಣು ತಿಂದಾಗ ನಾವೆಲ್ಲ ಅವನೊಳಗೇ ಇದ್ದೆವು, ಅವನ ಕೈಯಲ್ಲಿ ನಮ್ಮ ಕೈಯೂ ಇತ್ತು.

ಒಂದು ವಿಭಕ್ತಿ ಪ್ರತ್ಯಯ ಎಷ್ಟು ಭಾರ ಹೊರಬಲ್ಲದು ನೋಡಿ.

ಹಾಗಾದರೆ ಈ ಬೋಧನೆ ಒಂದು ಅನುವಾದದ ತಪ್ಪಿನ ಮೇಲೆ ನಿಂತಿದೆಯೇ?

ಇತ್ತೀಚೆಗೆ ಓದಿಕೊಂಡ ಹುಡುಗರು ಹೀಗೆ ಹೇಳಿ ಗೆದ್ದೆವೆಂದು ನಗುವುದುಂಟು. ಅರ್ಧ ನಿಜ. ಅಗಸ್ಟೀನರ ಕೈಯಲ್ಲಿ ಇನ್ನೂ ಗಟ್ಟಿಯಾದ ವಾದ ಒಂದಿತ್ತು, ಅದು ಪುಸ್ತಕದಿಂದ ಬಂದದ್ದಲ್ಲ, ಚರ್ಚಿನ ರೂಢಿಯಿಂದ ಬಂದದ್ದು.

ಅಗಸ್ಟೀನರು (354–430) ಈಗಿನ ಅಲ್ಜೀರಿಯಾದಲ್ಲಿರುವ ಹಿಪ್ಪೊ ಎಂಬ ಊರಿನ ಬಿಷಪ್. ಅವರ ಎದುರಾಳಿ ಪೆಲಾಗಿಯಸ್, ಬ್ರಿಟನ್ ಮೂಲದ ಸಂನ್ಯಾಸಿ, ಶಿಸ್ತಿನ ಮನುಷ್ಯ. ರೋಮಿನ ಕ್ರೈಸ್ತರ ಸಡಿಲ ಬದುಕು ನೋಡಿ ಅವನಿಗೆ ಬೇಸರವಾಗಿತ್ತು. ದೇವರು ಆಜ್ಞೆ ಕೊಟ್ಟಿದ್ದಾನೆಂದರೆ ಅದನ್ನು ಪಾಲಿಸುವ ಶಕ್ತಿಯೂ ಮನುಷ್ಯನಲ್ಲಿ ಇದ್ದೇ ಇರುತ್ತದೆ, ಆದಾಮ ನಮಗೆ ಬಿಟ್ಟುಹೋದದ್ದು ಕೆಟ್ಟ ಮಾದರಿ ಮಾತ್ರ ಎಂದು ಆ ಪಕ್ಷದ ವಾದ. ಕೇಳಿದರೆ ಎಷ್ಟು ಸರಿ ಅನ್ನಿಸುತ್ತದೆ! ನಮ್ಮ ತರಗತಿಯಲ್ಲಿ ಕೈ ಎತ್ತಲು ಹೇಳಿದರೆ ಪ್ರತಿ ವರ್ಷ ಪೆಲಾಗಿಯಸನೇ ಗೆಲ್ಲುತ್ತಾನೆ.

ಅಗಸ್ಟೀನರು ಅವನ ಪಕ್ಷದವರ ಮುಂದೆ ಕೂಸನ್ನು ತಂದಿಟ್ಟರು. ಚರ್ಚು ಕೂಸುಗಳಿಗೂ ದೀಕ್ಷಾಸ್ನಾನ ಕೊಡುತ್ತದೆ, ಇದನ್ನು ನೀವೂ ಒಪ್ಪುತ್ತೀರಿ. ದೀಕ್ಷಾಸ್ನಾನ "ಪಾಪಪರಿಹಾರಕ್ಕಾಗಿ" ಎಂದು ವಿಶ್ವಾಸ ಪ್ರಮಾಣದಲ್ಲೇ ಇದೆ. ಕೂಸು ತಾನಾಗಿ ಯಾವ ಪಾಪವನ್ನೂ ಮಾಡಿಲ್ಲ. ಹಾಗಾದರೆ ಪರಿಹಾರವಾಗುವುದು ಯಾವ ಪಾಪ? ಸುಳ್ಳು ಸ್ನಾನ ಮಾಡಿಸುತ್ತಿದ್ದೀರಾ, ಇಲ್ಲವೇ ಹುಟ್ಟಿನಿಂದ ಬಂದದ್ದೇನೋ ಇದೆಯಾ? ಪಕ್ಕದ ಮನೆ ಅಜ್ಜಿ ಕೇಳಿದ್ದೂ ಇದೇ ಪ್ರಶ್ನೆಯನ್ನು. ಅವಳಿಗೆ ಅದು ಸ್ನಾನ ಬೇಡ ಅನ್ನುವುದಕ್ಕೆ ಕಾರಣ, ಅಗಸ್ಟೀನರಿಗೆ ಜನ್ಮಪಾಪ ಇದೆ ಅನ್ನುವುದಕ್ಕೆ ಸಾಕ್ಷಿ. 418ರಲ್ಲಿ ಕಾರ್ಥೇಜಿನಲ್ಲಿ ಸೇರಿದ ಬಿಷಪ್ಪರ ಸಭೆ ಅಗಸ್ಟೀನರ ಪರವಾಗಿ ತೀರ್ಮಾನಿಸಿತು. ಜನನದಿಂದ ಅಂಟಿದ್ದು ಪುನರ್ಜನನದಿಂದ ತೊಳೆದುಹೋಗಲೆಂದೇ ಕೂಸುಗಳಿಗೆ ನಿಜವಾದ ಅರ್ಥದಲ್ಲಿ ದೀಕ್ಷಾಸ್ನಾನ ಎಂಬುದು ಅದರ ಸಾರ. ಇಲ್ಲಿ ಪುನರ್ಜನನ ಎಂದರೆ ಮರುಜನ್ಮವಲ್ಲ, ಸ್ನಾನದಲ್ಲಿ ಹೊಸದಾಗಿ ಹುಟ್ಟುವುದು.

ಪೂರ್ವದ ಆರ್ಥೊಡಾಕ್ಸ್ ಚರ್ಚುಗಳು ಗ್ರೀಕ್ ಓದಿದವು, ಅಗಸ್ಟೀನರನ್ನು ಅಷ್ಟಾಗಿ ಓದಲಿಲ್ಲ. ಅವರ ಪ್ರಕಾರ ನಮಗೆ ಬಂದದ್ದು ಸಾವು ಮತ್ತು ಕೆಡುಕಿನತ್ತ ವಾಲುವ ದುರ್ಬಲತೆ, ದೋಷಿ ಎಂಬ ತೀರ್ಪಲ್ಲ. ಆದರೂ ಅವರು ಕೂಸುಗಳಿಗೆ ಸ್ನಾನ ಕೊಡುತ್ತಾರೆ. ಅಂದರೆ ಅಗಸ್ಟೀನರ ವಾದ ಗಟ್ಟಿಯಾದದ್ದೇ ಹೊರತು ಅದೊಂದೇ ದಾರಿಯಲ್ಲ.

ದೀಕ್ಷಾಸ್ನಾನ ಆಗದೆ ಕೂಸು ತೀರಿಕೊಂಡರೆ ಅದರ ಗತಿ ಏನು?

ಇದನ್ನು ಕೇಳುವವರು ವಾದಕ್ಕೆ ಕೇಳುವುದಿಲ್ಲ. ಹೆಚ್ಚಾಗಿ ತಾಯಂದಿರು, ಎಲ್ಲರೂ ಹೋದಮೇಲೆ, ದನಿ ತಗ್ಗಿಸಿ ಕೇಳುತ್ತಾರೆ. ಅದಕ್ಕೆ ಮೊದಲು ಇವತ್ತಿನ ಉತ್ತರ ಹೇಳಿ ಆಮೇಲೆ ಇತಿಹಾಸ ಹೇಳುತ್ತೇನೆ.

ಇವತ್ತು ಯಾವ ದೊಡ್ಡ ಚರ್ಚೂ ಅಂಥ ಕೂಸು ನರಕಕ್ಕೆ ಹೋಯಿತು ಎಂದು ಬೋಧಿಸುವುದಿಲ್ಲ. ಕ್ಯಾಥೋಲಿಕ್ ಧರ್ಮೋಪದೇಶ ಅಂಥ ಕೂಸುಗಳನ್ನು ದೇವರ ಕರುಣೆಗೆ ಒಪ್ಪಿಸುತ್ತದೆ, ಮಕ್ಕಳನ್ನು ನನ್ನ ಬಳಿಗೆ ಬರಗೊಡಿಸಿರಿ ಎಂಬ ಯೇಸುವಿನ ಮಾತನ್ನು ನೆನೆದು ಅವುಗಳಿಗೂ ರಕ್ಷಣೆಯ ದಾರಿ ಇದೆ ಎಂದು ಆಶಿಸುತ್ತದೆ. ನಮ್ಮ ಮೆಥೋಡಿಸ್ಟರಲ್ಲಿ ಕ್ರಿಸ್ತನ ಮರಣದ ಫಲ ಕೂಸುಗಳನ್ನು ಆಗಲೇ ಆವರಿಸಿದೆ ಎನ್ನುತ್ತೇವೆ. ಬ್ಯಾಪ್ಟಿಸ್ಟರು, ಪೆಂಟೆಕೋಸ್ಟಲರು ತಿಳಿವಳಿಕೆ ಬಂದಮೇಲಿನ ಪಾಪಕ್ಕಷ್ಟೇ ಲೆಕ್ಕ ಎನ್ನುವುದು ಸಾಮಾನ್ಯ.

ಹಿಂದೆ ಹೀಗಿರಲಿಲ್ಲ. ಅಗಸ್ಟೀನರು ತಮ್ಮ ತರ್ಕಕ್ಕೆ ತಾವೇ ಸಿಕ್ಕಿಬಿದ್ದಿದ್ದರು. ಸ್ನಾನವಾಗದ ಕೂಸಿಗೂ ದಂಡನೆ ಇದೆ, ಆದರೆ ಎಲ್ಲಕ್ಕಿಂತ ಸೌಮ್ಯವಾದದ್ದು ಎಂದರು. ಮಧ್ಯಯುಗದ ಪಂಡಿತರಿಗೆ ಅದೂ ಸಹಿಸಲಾಗದೆ "ಲಿಂಬೋ" ಎಂಬ ಅಂಚಿನ ಜಾಗ ಕಲ್ಪಿಸಿದರು. ಅಲ್ಲಿ ನೋವಿಲ್ಲ, ದೇವರ ದರ್ಶನವೂ ಇಲ್ಲ. ಲಿಂಬೋ ಎಂದೂ ವಿಧಿವತ್ತಾದ ವಿಶ್ವಾಸ ಸತ್ಯವಾಗಲಿಲ್ಲ, ಆದರೆ ನೂರಾರು ವರ್ಷ ತಾಯಂದಿರಿಗೆ ಅದನ್ನೇ ಹೇಳಲಾಯಿತು. 2007ರಲ್ಲಿ ವ್ಯಾಟಿಕನ್ನಿನ ಅಂತರರಾಷ್ಟ್ರೀಯ ದೇವಶಾಸ್ತ್ರ ಆಯೋಗ ಈ ಕೂಸುಗಳ ರಕ್ಷಣೆಯನ್ನು ಆಶಿಸಲು ಗಟ್ಟಿ ಕಾರಣಗಳಿವೆ ಎಂದು ಬರೆಯಿತು. ಆಶೆ ಎಂದಿತು, ಖಚಿತ ಎನ್ನಲಿಲ್ಲ. ಆ ಎಚ್ಚರ ನನಗೆ ಇಷ್ಟ, ಆದರೆ ತಾಯಿಯ ಮುಂದೆ ನಿಂತಾಗ ಅದನ್ನು ವಿವರಿಸುತ್ತ ಕೂರುವುದಿಲ್ಲ.

ಕೆಲಸಕ್ಕೆ ಬರುವ ಒಂದು ವಿಷಯ. ಕೂಸಿನ ಜೀವಕ್ಕೆ ಅಪಾಯವಿದ್ದರೆ ಕ್ಯಾಥೋಲಿಕ್ ನಿಯಮದ ಪ್ರಕಾರ ಪಾದ್ರಿಗಾಗಿ ಕಾಯಬೇಕಿಲ್ಲ. ಯಾರು ಬೇಕಾದರೂ, ದೀಕ್ಷಾಸ್ನಾನವಾಗದ ನರ್ಸ್ ಕೂಡ, ಚರ್ಚಿನ ಉದ್ದೇಶದಂತೆಯೇ ಮಾಡುವ ಮನಸ್ಸಿಟ್ಟು ತಲೆಯ ಮೇಲೆ ನೀರು ಹೊಯ್ಯುತ್ತ "ಪಿತನ, ಸುತನ, ಪವಿತ್ರಾತ್ಮರ ನಾಮದಲ್ಲಿ ನಿನಗೆ ದೀಕ್ಷಾಸ್ನಾನ ಕೊಡುತ್ತೇನೆ" ಎಂದರೆ ಸಾಕು. ಕೂಸು ಬದುಕಿದರೆ ಮತ್ತೆ ಸ್ನಾನ ಕೊಡಿಸುವುದಿಲ್ಲ, ಉಳಿದ ವಿಧಿಗಳನ್ನು ಮಾತ್ರ ಚರ್ಚಿನಲ್ಲಿ ಪೂರೈಸುತ್ತಾರೆ.

ಸ್ನಾನ ಆದಮೇಲೂ ಮಕ್ಕಳು ಸುಳ್ಳು ಹೇಳುತ್ತವೆ, ಹೊಡೆದಾಡುತ್ತವೆ. ತೊಳೆದದ್ದು ಏನು?

ತೊಳೆದದ್ದು ದೋಷ, ಉಳಿದದ್ದು ಕೆಡುಕಿನ ಕಡೆಗಿನ ವಾಲು. ಗಾಯ ಮಾಯ್ದಮೇಲೂ ಕಾಲು ಕುಂಟುವ ಹಾಗೆ. ಈ ವಾಲು ಇರುವುದನ್ನು ಕ್ಯಾಥೋಲಿಕರೂ ಲೂಥರನೂ ಒಪ್ಪುತ್ತಾರೆ. ಅದರ ಹೆಸರಿನ ಮೇಲೆ ಅವರ ಜಗಳ. ಕ್ಯಾಥೋಲಿಕ್ ಬಿಷಪ್ಪರು ಸೇರಿದ್ದ ಟ್ರೆಂಟ್ ಮಹಾಸಭೆ 1546ರಲ್ಲಿ, ಅದು ಪಾಪದಿಂದ ಬಂದದ್ದು, ಪಾಪದ ಕಡೆ ಎಳೆಯುವಂಥದ್ದು, ಆದರೆ ಸ್ನಾನವಾದವರಲ್ಲಿ ಅದೇ ಪಾಪವಲ್ಲ ಎಂದಿತು. ಲೂಥರ್ ಅದೂ ಪಾಪವೇ, ದೇವರು ಅದನ್ನು ಲೆಕ್ಕಕ್ಕೆ ಹಿಡಿಯುವುದಿಲ್ಲ ಅಷ್ಟೇ ಎಂದಿದ್ದ. ಅವನ ಪ್ರಕಾರ ವಿಶ್ವಾಸಿ ಏಕಕಾಲಕ್ಕೆ ನೀತಿವಂತನೂ ಹೌದು, ಪಾಪಿಯೂ ಹೌದು. ಕೃಪೆ ಮತ್ತು ಕ್ರಿಯೆಯ ಬಗ್ಗೆ ಇವರಿಬ್ಬರ ಬಾಯಲ್ಲಿ ಬೇರೆ ಬೇರೆ ಮಾತು ಬರುವುದಕ್ಕೆ ಬೇರು ಇಲ್ಲಿದೆ.

ಕ್ಯಾಥೋಲಿಕರು ಕ್ರಿಯೆಯಿಂದ, ಪ್ರಾಟೆಸ್ಟೆಂಟರು ನಂಬಿಕೆಯಿಂದ ರಕ್ಷಣೆ ಎನ್ನುತ್ತಾರೆ, ಹೌದಲ್ರಿ?

ಅಲ್ರಿ. ನಮ್ಮ ಕಡೆಯ ಬೋಧಕರು ಮೈಕಿನಲ್ಲಿ ಎಷ್ಟು ಸಲ ಹೇಳಿದರೂ ಇದು ತಪ್ಪೇ. ಟ್ರೆಂಟ್ ಸಭೆ 1547ರ ಜನವರಿ 13ರಂದು ಈ ವಿಷಯದ ಮೇಲೆ ಹೊರಡಿಸಿದ ಮೊದಲನೇ ನಿಯಮವೇ, ಕ್ರಿಸ್ತನ ಮೂಲಕ ಬರುವ ಕೃಪೆಯಿಲ್ಲದೆ ಮನುಷ್ಯ ತನ್ನ ಕ್ರಿಯೆಗಳಿಂದ ನೀತಿವಂತನಾಗಬಹುದು ಎನ್ನುವವರನ್ನು ಖಂಡಿಸುತ್ತದೆ. ನೀತೀಕರಣಕ್ಕೆ, ಅಂದರೆ ದೇವರ ಮುಂದೆ ನೀತಿವಂತನಾಗುವುದಕ್ಕೆ, ಮುಂಚೆ ಮನುಷ್ಯ ಮಾಡುವ ಯಾವುದೂ, ನಂಬಿಕೆಯಾಗಲಿ ಕ್ರಿಯೆಯಾಗಲಿ, ಆ ಕೃಪೆಯನ್ನು ಸಂಪಾದಿಸಲಾರದು ಎಂದೂ ಅದೇ ಸಭೆ ಹೇಳಿದೆ.

ತೊಟ್ಟಿಲ ಕೂಸಿನಿಂದಲೇ ಇದನ್ನು ಪರೀಕ್ಷಿಸಬಹುದು. ಅದು ಯಾವ ಕ್ರಿಯೆಯನ್ನೂ ಮಾಡಿಲ್ಲ, ಮಾಡಲಾರದು, ಕೇಳಿಕೊಂಡೂ ಇಲ್ಲ. ಆದರೂ ಕ್ಯಾಥೋಲಿಕರು ಅದಕ್ಕೆ ಸ್ನಾನ ಕೊಟ್ಟು ದೇವರ ಮಗು ಎನ್ನುತ್ತಾರೆ. ಕ್ರಿಯೆಯಿಂದ ರಕ್ಷಣೆ ಎನ್ನುವ ಧರ್ಮ ಹೀಗೆ ಮಾಡಲು ಸಾಧ್ಯವೇ ಇಲ್ಲ. ಬದುಕಿನ ಆ ತುದಿಯಲ್ಲಿ ಲೂಕನ ಸುವಾರ್ತೆಯ ಕಳ್ಳನಿದ್ದಾನೆ, ಶಿಲುಬೆಯ ಮೇಲೆ ತೂಗುತ್ತಿದ್ದವನು. ಒಳ್ಳೆಯ ಕೆಲಸ ಮಾಡಲು ಅವನಿಗೆ ಕೈ ಬಿಡುವಿರಲಿಲ್ಲ, ಸಮಯವೂ ಇರಲಿಲ್ಲ. ಅವನಿಗೂ ಪರದೈಸು ಸಿಕ್ಕಿತೆಂಬುದನ್ನು ಎರಡೂ ಕಡೆಯವರು ಒಪ್ಪುತ್ತಾರೆ.

ಜಗಳವಿರುವುದು ಈ ಎರಡು ತುದಿಗಳ ನಡುವಿನ ಬದುಕಿನ ಬಗ್ಗೆ. ಲೂಥರ್ ಪರಂಪರೆಯಲ್ಲಿ ದೇವರು ಪಾಪಿಯನ್ನು ಕ್ರಿಸ್ತನ ದೆಸೆಯಿಂದ ನೀತಿವಂತನೆಂದು ನಿರ್ಣಯಿಸುತ್ತಾನೆ, ಅದೊಂದು ತೀರ್ಪು. ಒಳ್ಳೆಯ ಕ್ರಿಯೆಗಳು ಆಮೇಲೆ ಹಣ್ಣಿನ ಹಾಗೆ ಬರಲೇಬೇಕು, ಆದರೆ ತೀರ್ಪಿನಲ್ಲಿ ಅವುಗಳ ಪಾತ್ರವಿಲ್ಲ. ಕ್ಯಾಥೋಲಿಕರಲ್ಲಿ ದೇವರು ನೀತಿವಂತನೆಂದು ಕರೆದು ಅಷ್ಟಕ್ಕೆ ಬಿಡುವುದಿಲ್ಲ, ಒಳಗಿನಿಂದ ಹಾಗೆ ಮಾಡುತ್ತಲೂ ಹೋಗುತ್ತಾನೆ. ಆ ಕೃಪೆಯಲ್ಲಿ ಮಾಡಿದ ಕ್ರಿಯೆಗಳಿಂದ ನೀತಿ ಬೆಳೆಯುತ್ತದೆ, ಅವುಗಳಿಗೆ ದೇವರು ಪ್ರತಿಫಲ ಕೊಡುತ್ತಾನೆ. ಆ ಪ್ರತಿಫಲವೂ ದೇವರು ತನ್ನ ಕೊಡುಗೆಗೇ ಕಿರೀಟ ಇಟ್ಟ ಹಾಗೆ ಎಂದು ಅಗಸ್ಟೀನರ ಕಾಲದಿಂದ ಹೇಳುತ್ತ ಬಂದಿದ್ದಾರೆ.

ಕನ್ನಡದಲ್ಲಿ ಈ ಗೊಂದಲಕ್ಕೆ ಇನ್ನೊಂದು ಕಾರಣವಿದೆ. ಒಂದೇ ವಿಷಯಕ್ಕೆ ನಾವು ಕೃಪೆ ಎಂದರೆ ಅವರು ವರಪ್ರಸಾದ ಎನ್ನುತ್ತಾರೆ, ನಾವು ನಂಬಿಕೆ ಎಂದರೆ ಅವರು ವಿಶ್ವಾಸ ಎನ್ನುತ್ತಾರೆ. ನನ್ನ ನಾದಿನಿ ಜಪಮಾಲೆ ಹಿಡಿದು "ವರಪ್ರಸಾದ ಪೂರ್ಣೆ" ಎಂದಾಗ ನಮ್ಮವ್ವನಿಗೆ ಅದು ಕೃಪೆಯ ಮಾತೆಂದು ಹೊಳೆದೇ ಇರಲಿಲ್ಲ. ಪ್ರಸಾದ ಹಂಚುವ ಮಾತಿರಬೇಕು ಅಂದುಕೊಂಡಿದ್ದಳಂತೆ.

1999ರ ಅಕ್ಟೋಬರ್ 31ರಂದು ಜರ್ಮನಿಯ ಆಗ್ಸ್‌ಬರ್ಗಿನಲ್ಲಿ ಲೂಥರನ್ ಜಾಗತಿಕ ಒಕ್ಕೂಟ ಮತ್ತು ಕ್ಯಾಥೋಲಿಕ್ ಚರ್ಚು ಒಂದು ಜಂಟಿ ಘೋಷಣೆಗೆ ಸಹಿ ಹಾಕಿದವು. ನಮ್ಮ ಯೋಗ್ಯತೆಯಿಂದಲ್ಲ, ಕೃಪೆಯಿಂದ ಮಾತ್ರ, ಕ್ರಿಸ್ತನ ಕಾರ್ಯದಲ್ಲಿಟ್ಟ ನಂಬಿಕೆಯಲ್ಲಿ ದೇವರು ನಮ್ಮನ್ನು ಅಂಗೀಕರಿಸುತ್ತಾನೆ, ಅದೇ ಕೃಪೆ ನಮ್ಮನ್ನು ಸತ್ಕ್ರಿಯೆಗಳಿಗೆ ಕರೆಯುತ್ತದೆ ಎಂದು ಇಬ್ಬರೂ ಕೂಡಿ ಹೇಳಿದರು. 2006ರಲ್ಲಿ ಜಾಗತಿಕ ಮೆಥೋಡಿಸ್ಟ್ ಪರಿಷತ್ತೂ ಅದಕ್ಕೆ ಸೇರಿತು. ಅಂದರೆ ನನ್ನ ತಮ್ಮನ ಚರ್ಚೂ ಅವನ ಹೆಂಡತಿಯ ಚರ್ಚೂ ಈ ವಿಷಯದ ಮೂಲದಲ್ಲಿ ಒಪ್ಪಿ ವರ್ಷಗಳೇ ಆಗಿದ್ದವು. ಮನೆಯಲ್ಲಿ ಯಾರಿಗೂ ಗೊತ್ತಿರಲಿಲ್ಲ, ನನಗೂ.

ಪೌಲ ಒಂದು ಹೇಳುತ್ತಾನೆ, ಯಾಕೋಬ ಇನ್ನೊಂದು. ಯಾರನ್ನು ನಂಬುವುದು?

ಪೌಲ: ಮನುಷ್ಯ ಧರ್ಮಶಾಸ್ತ್ರದ ಕ್ರಿಯೆಗಳಿಲ್ಲದೆ ನಂಬಿಕೆಯಿಂದಲೇ ನೀತಿವಂತನೆಂದು ನಿರ್ಣಯಿಸಲ್ಪಡುತ್ತಾನೆ (ರೋಮಾ 3:28). ಯಾಕೋಬ: ಕ್ರಿಯೆಗಳಿಂದ, ಬರೀ ನಂಬಿಕೆಯಿಂದಲ್ಲ (ಯಾಕೋಬ 2:24). ಇಬ್ಬರೂ ಸಾಕ್ಷಿಗೆ ಕರೆಯುವುದು ಒಬ್ಬನನ್ನೇ, ಅಬ್ರಹಾಮನನ್ನು. ಉಲ್ಲೇಖಿಸುವುದೂ ಒಂದೇ ವಾಕ್ಯ, ಆದಿಕಾಂಡ 15:6. ಅಬ್ರಹಾಮನು ದೇವರನ್ನು ನಂಬಿದನು, ಅದು ಅವನ ಲೆಕ್ಕಕ್ಕೆ ನೀತಿಯೆಂದು ಎಣಿಸಲ್ಪಟ್ಟಿತು.

ಅಬ್ರಹಾಮನ ವಯಸ್ಸು ಲೆಕ್ಕ ಹಾಕಿದರೆ ಸಿಕ್ಕು ಬಿಡುತ್ತದೆ. ಮೇಲಿನ ವಾಕ್ಯ 15ನೇ ಅಧ್ಯಾಯದ್ದು. 16ರ ಕೊನೆಗೆ ಇಷ್ಮಾಯೇಲ ಹುಟ್ಟುತ್ತಾನೆ, ಆಗ ಅಬ್ರಹಾಮನಿಗೆ 86. ಸುನ್ನತಿ ಆಗುವುದು 17ರಲ್ಲಿ, 99ನೇ ವಯಸ್ಸಿಗೆ. ಪೌಲನಿಗೆ ಬೇಕಾದದ್ದು ಈ ಅಂತರ. ಎಣಿಕೆ ಆದದ್ದು ಸುನ್ನತಿಗಿಂತ ಕಡಿಮೆಯೆಂದರೂ 13 ವರ್ಷ ಮುಂಚೆ, ಆದ್ದರಿಂದ ಯೆಹೂದ್ಯರಲ್ಲದವರು ಮೊದಲು ಸುನ್ನತಿ ಮಾಡಿಸಿಕೊಳ್ಳಲಿ ಎನ್ನುವವರ ವಾದ ಬಿತ್ತು. ಅವನು "ಕ್ರಿಯೆ" ಎನ್ನುವಾಗ ಕಣ್ಣ ಮುಂದಿರುವುದು ಮುಖ್ಯವಾಗಿ ಇದು. ಕೂಲಿಯ ಮಾತನ್ನೂ ಅವನು ಅಲ್ಲೇ ಎತ್ತುತ್ತಾನೆ. ದುಡಿದವನಿಗೆ ಕೊಡುವುದು ಬಾಕಿ, ದಾನವಲ್ಲ. ದೇವರ ಹತ್ತಿರ ನಮ್ಮ ಬಾಕಿ ಏನೂ ಇಲ್ಲ.

ಯಾಕೋಬ ನೋಡುವುದು 22ನೇ ಅಧ್ಯಾಯವನ್ನು. ಅಬ್ರಹಾಮನಿಗೆ 100 ವರ್ಷವಿದ್ದಾಗ ಹುಟ್ಟಿದ ಇಸಾಕ ಕಟ್ಟಿಗೆ ಹೊರುವಷ್ಟು ಬೆಳೆದಿದ್ದಾನೆ, ತಂದೆ ಅವನನ್ನು ಬಲಿಪೀಠಕ್ಕೆ ಕರೆದೊಯ್ಯುತ್ತಾನೆ. ಹಿಂದೆ ನಂಬಿದ್ದು ಅಲ್ಲಿ ಪೂರ್ಣವಾಯಿತು ಎನ್ನುತ್ತಾನೆ ಯಾಕೋಬ. ಅವನ ಎದುರಿಗಿರುವವರು ಸುನ್ನತಿಯವರಲ್ಲ. ಬಟ್ಟೆ, ಊಟ ಇಲ್ಲದ ಸಹೋದರನಿಗೆ "ಸಮಾಧಾನದಿಂದ ಹೋಗು" ಎಂದು ಹೇಳಿ ಬರಿಗೈಯಲ್ಲಿ ಕಳಿಸುವ ನಂಬಿಗಸ್ತರು. ಅಂಥ ನಂಬಿಕೆ ದೆವ್ವಗಳಿಗೂ ಇದೆ, ಅವು ನಡುಗುತ್ತವೆ ಎಂದು ಚುಚ್ಚುತ್ತಾನೆ. ಪೌಲ ಬಾಗಿಲಲ್ಲಿ ನಿಂತು ಒಳಗೆ ಬರುವುದು ಹೇಗೆ ಅನ್ನುತ್ತಿದ್ದಾನೆ, ಯಾಕೋಬ ಒಳಗೆ ಬಂದು ಬಹಳ ದಿನವಾದವನನ್ನು ಗದರುತ್ತಿದ್ದಾನೆ.

ಲೂಥರನಿಗೆ ಈ ಹೊಂದಾಣಿಕೆ ರುಚಿಸಲಿಲ್ಲ. 1522ರ ತನ್ನ ಜರ್ಮನ್ ಹೊಸ ಒಡಂಬಡಿಕೆಯಲ್ಲಿ ರೋಮಾ 3:28ಕ್ಕೆ ಗ್ರೀಕಿನಲ್ಲಿ ಇಲ್ಲದ "ಮಾತ್ರ" ಎಂಬ ಪದ ಸೇರಿಸಿದ, ಯಾಕೋಬನ ಪತ್ರಿಕೆಯನ್ನು ಹುಲ್ಲಿನ ಪತ್ರಿಕೆ ಎಂದ. ಜರ್ಮನ್ ನುಡಿಗಟ್ಟಿಗೆ ಆ ಪದ ಬೇಕಿತ್ತು ಎಂದು ಆಮೇಲೆ ಸಮರ್ಥಿಸಿಕೊಂಡ. ಆದರೂ ನಂಬಿಕೆಯನ್ನು "ಮಾತ್ರ"ದ ಜೊತೆ ಕೂಡಿಸಿ ಹೇಳುವ ಒಂದೇ ವಾಕ್ಯ ಹೊಸ ಒಡಂಬಡಿಕೆಯಲ್ಲಿರುವುದು ಯಾಕೋಬನಲ್ಲಿ, ಅದೂ "ಅಲ್ಲ" ಎಂದು.

ಕೃಪೆ ಪುಕ್ಕಟೆಯಾದರೆ ಪಾಪ ಮಾಡುತ್ತಲೇ ಇರಬಹುದಲ್ಲ?

ಪೌಲನಿಗೇ ಈ ಪ್ರಶ್ನೆ ಬಂದಿತ್ತು, ರೋಮಾ 6ರ ಮೊದಲ ಸಾಲು ನೋಡಿ. ಎಂದಿಗೂ ಇಲ್ಲ ಎಂಬುದು ಅವನ ಉತ್ತರ. ಈ ಪ್ರಶ್ನೆ ಯಾರಿಗೂ ಏಳದ ಹಾಗೆ ಯಾರಾದರೂ ಕೃಪೆಯನ್ನು ಬೋಧಿಸಿದರೆ ಅವರು ಪೌಲನ ಹಾಗೆ ಬೋಧಿಸುತ್ತಿಲ್ಲ ಎಂದು ತಿಳಿಯಬಹುದು.

ಇದು ನಮ್ಮ ಕರ್ಮ, ಪ್ರಾರಬ್ಧದ ಹಾಗೇ ಅಲ್ಲವೇ?

ತಿರುವುಮುರುವು. ಪ್ರಾರಬ್ಧದಲ್ಲಿ ಅನುಭವಿಸುವುದು ನಾನೇ ಹಿಂದಿನ ಜನ್ಮದಲ್ಲಿ ಮಾಡಿದ್ದನ್ನು. ಲೆಕ್ಕ ಕಟ್ಟುನಿಟ್ಟು, ಆದರೆ ನ್ಯಾಯದ್ದು. ಜನ್ಮಪಾಪದಲ್ಲಿ ಹಿಂದಿನ ಜನ್ಮವೇ ಇಲ್ಲ, ಬಂದದ್ದು ಇನ್ನೊಬ್ಬನದು. ಅದು ನ್ಯಾಯವಲ್ಲ ಅನ್ನಿಸಿದರೆ, ರೋಮಾ 5ರಲ್ಲಿ ಪೌಲ ಹೇಳುವ ಇನ್ನರ್ಧವೂ ಹಾಗೇ. ಒಬ್ಬನ ಅಪರಾಧ ಎಲ್ಲರಿಗೆ ಮುಟ್ಟಿದ ಹಾಗೆ ಒಬ್ಬ ಕ್ರಿಸ್ತನ ನೀತಿಯೂ ಎಲ್ಲರಿಗೆ ಮುಟ್ಟುತ್ತದೆ. ಮೊದಲನೆಯದನ್ನು ಬೇಡವೆನ್ನುವವನು ಎರಡನೆಯದನ್ನು ಪುಕ್ಕಟೆ ಪಡೆಯುವುದು ಹೇಗೆಂದು ಅಗಸ್ಟೀನರ ಪಕ್ಷದವರು ಕೇಳಿಯಾರು.

ಕೃಪೆಯ ವಿಷಯದಲ್ಲಿ ಹತ್ತಿರದ ಹೋಲಿಕೆ ಶ್ರೀವೈಷ್ಣವರಲ್ಲಿದೆ. ಮಂಗನ ಮರಿ ತಾನೇ ತಾಯಿಯನ್ನು ಅವಚಿಕೊಳ್ಳಬೇಕು, ಬೆಕ್ಕಿನ ಮರಿಯನ್ನು ತಾಯಿಯೇ ಕಚ್ಚಿಕೊಂಡು ಒಯ್ಯುತ್ತದೆ. ವಡಗಲೈಯವರು ಮರ್ಕಟ ನ್ಯಾಯ, ತೆಂಗಲೈಯವರು ಮಾರ್ಜಾಲ ನ್ಯಾಯ. ಲೂಥರನನ್ನು ಬೆಕ್ಕಿನ ಪಕ್ಷದಲ್ಲಿ ಇಡುವುದು ಸುಲಭ. ಕ್ಯಾಥೋಲಿಕರು ಮಂಗನ ಪಕ್ಷದಲ್ಲಿ ಪೂರ್ತಿ ಕೂರುವುದಿಲ್ಲ. ಮರಿಯ ಹಿಡಿತಕ್ಕೆ ಬಲ ತುಂಬಿದವಳೂ ತಾಯಿಯೇ ಎನ್ನುತ್ತಾರೆ. ಮೆಥೋಡಿಸ್ಟರ ಜಾನ್ ವೆಸ್ಲಿಯೂ ಹತ್ತಿರದ ಮಾತನ್ನೇ ಹೇಳಿದ. ನಾವು ಕೈ ಚಾಚುವ ಮೊದಲೇ ಕೃಪೆ ಮುಂದಾಗಿ ಬಂದು ಕೈಗೆ ಶಕ್ತಿ ಕೊಡುತ್ತದೆ, ಚಾಚುವುದು ಬಿಡುವುದು ನಮಗೆ ಸೇರಿದ್ದು. ಪಕ್ಕದ ಮನೆ ಅಜ್ಜಿಗೆ ಎಲ್ಲಕ್ಕಿಂತ ಬೇಗ ಅರ್ಥವಾದದ್ದು ಬೆಕ್ಕು.

ಅಮಲೋದ್ಭವಿ ಮಾತೆ ಅಂದರೆ ಯೇಸು ಕನ್ನಿಕೆಯಲ್ಲಿ ಹುಟ್ಟಿದ್ದು ತಾನೇ?

ಅಲ್ಲ. ಡಿಸೆಂಬರ್ 8ರ ಹಬ್ಬ ಮರಿಯಮ್ಮನವರೇ ತಮ್ಮ ತಾಯಿಯ ಗರ್ಭದಲ್ಲಿ ಜನ್ಮಪಾಪವಿಲ್ಲದೆ ಉದ್ಭವಿಸಿದ್ದರ ಬಗ್ಗೆ. 1854ರಲ್ಲಿ ಪೋಪ್ ಅದನ್ನು ವಿಶ್ವಾಸ ಸತ್ಯವೆಂದು ಸಾರಿದರು. ಅದೂ ಕ್ರಿಸ್ತನ ಪುಣ್ಯಫಲವನ್ನು ಮುಂಚಿತವಾಗಿ ಪಡೆದ ಕೃಪೆ ಎಂದೇ ಹೇಳಲಾಗಿದೆ. ಪ್ರಾಟೆಸ್ಟೆಂಟರು ಒಪ್ಪುವುದಿಲ್ಲ.

ಕೊನೆಗೆ ಆ ಕೂಸಿನ ದೀಕ್ಷಾಸ್ನಾನ ಎಲ್ಲಾಯಿತು?

ಮುದಗಲ್ಲಿನಲ್ಲಿ. ಮಿಶ್ರ ಮದುವೆಯ ಸಮಯದಲ್ಲಿ ಕ್ಯಾಥೋಲಿಕ್ ಸಂಗಾತಿ, ಮಕ್ಕಳಿಗೆ ಕ್ಯಾಥೋಲಿಕ್ ಚರ್ಚಿನಲ್ಲಿ ದೀಕ್ಷಾಸ್ನಾನ ಕೊಡಿಸಲು ಕೈಲಾದದ್ದೆಲ್ಲ ಮಾಡುವೆನೆಂದು ಮಾತು ಕೊಡಬೇಕು. ನನ್ನ ನಾದಿನಿ ಕೊಟ್ಟಿದ್ದಳು, ತಮ್ಮನಿಗೂ ಅದು ಗೊತ್ತಿತ್ತು. ನೀರು, ತ್ರಿಏಕ ದೇವರ ಹೆಸರು ಸರಿಯಾಗಿದ್ದರೆ ಮೆಥೋಡಿಸ್ಟರ ಸ್ನಾನವನ್ನು ಕ್ಯಾಥೋಲಿಕರು ಒಪ್ಪುತ್ತಾರೆ, ನಾವೂ ಅವರದನ್ನು ಒಪ್ಪುತ್ತೇವೆ, ಹಾಗಾಗಿ ಎಲ್ಲಿ ಮಾಡಿಸಿದರೂ ಮತ್ತೆ ಮಾಡಿಸುವ ಪ್ರಸಂಗವಿರಲಿಲ್ಲ. ಪೆಂಟೆಕೋಸ್ಟಲ್ ಸಭೆಗೆ ಹೋಗುವ ನನ್ನ ಸೋದರಮಾವ ಮಾತ್ರ, ಹುಡುಗ ದೊಡ್ಡವನಾಗಿ ತಾನೇ ಕೇಳಿಕೊಂಡು ನೀರಿಗೆ ಇಳಿದಾಗ ಆಗುವುದೇ ಸ್ನಾನ ಎಂದು ಊಟಕ್ಕಷ್ಟೇ ಬಂದರು.

ಮೆಥೋಡಿಸ್ಟನಾದ ನನಗೆ ಜ್ಞಾನಪಿತನಾಗಿ, ಅಂದರೆ ಸ್ನಾನದಲ್ಲಿ ಕೂಸಿನ ಹೊಣೆ ಹೊರುವವನಾಗಿ, ನಿಲ್ಲಲು ಅಲ್ಲಿನ ನಿಯಮದಲ್ಲಿ ಅವಕಾಶವಿಲ್ಲ. ಒಬ್ಬ ಕ್ಯಾಥೋಲಿಕ್ ಜ್ಞಾನಪಿತನ ಜೊತೆಗೆ ಸಾಕ್ಷಿಯಾಗಿ ನಿಲ್ಲಬಹುದು, ಹಾಗೇ ನಿಂತೆ. ಪಕ್ಕದ ಮನೆ ಅಜ್ಜಿಯೂ ನಮ್ಮ ಜೊತೆ ಗಾಡಿಯಲ್ಲಿ ಬಂದಿದ್ದಳು. ತಲೆಗೆ ನೀರು ಬಿದ್ದಾಗ ಕೂಸು ಚೀರಿತು. ಅಜ್ಜಿ ನನ್ನ ಕಡೆ ವಾಲಿ, "ನೋಡಪ್ಪಾ, ಅದಕ್ಕೂ ಒಪ್ಪಿಗಿ ಇಲ್ಲ" ಅಂದಳು. ಆಮೇಲೆ ಕೂಸನ್ನು ಒರೆಸಲು ಮೊದಲು ಸೆರಗು ಚಾಚಿದವಳೂ ಅವಳೇ.